ಕಾಲೇ ಕಂಬವಾದರೆ ನಡೆಯುವುದು ಹೇಗೆ?

ಮೊದಲು ವಚನವನ್ನೇ ಓದಿಬಿಡೋಣ. ಬಾಯಿಪಾಠ ಬರುತ್ತೆ ಅಂತ ಹಾರಿಸಿಬಿಡಬೇಡಿ, ನಿಧಾನವಾಗಿ ಓದಿ.

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.

ಬಿ.ಎ. ಕೊನೆಯ ವರ್ಷದಲ್ಲೋ ಎಂ.ಎ. ಮೊದಲ ವರ್ಷದಲ್ಲೋ ಸಾಹಿತ್ಯ ಸಿದ್ಧಾಂತದ ಪೇಪರ್ ಬಂದಾಗ 'ನಿರಚನೆ' ಅಂತ ಒಂದು ಪಾಠ ಇರುತ್ತೆ. ಡಿಕನ್‌ಸ್ಟ್ರಕ್ಷನ್. ನೋಟ್ಸ್‌ನಲ್ಲಿ ಈ ಓದನ್ನು ಶುರು ಮಾಡಿದ ಫ್ರೆಂಚ್ ಚಿಂತಕ ಡೆರಿಡಾ ಹುಟ್ಟಿದ್ದು 1930ರಲ್ಲಿ, ಅಲ್ಜೀರಿಯಾದಲ್ಲಿ, 1967ರಲ್ಲಿ ಒಟ್ಟಿಗೇ ಮೂರು ಪುಸ್ತಕ ತಂದ, 'ಅರ್ಥ ಸ್ಥಿರವಲ್ಲ' ಅಂದ ಎಂದೆಲ್ಲ ಬರೆದಿರುತ್ತೆ. ಅದನ್ನು ಓದಿ ಪರೀಕ್ಷೆ ಪಾಸಾಗಬಹುದು. ಆದರೆ ಒಂದು ಪದ್ಯವನ್ನು ಮುಂದಿಟ್ಟು 'ಈಗ ಓದಿ ತೋರಿಸು' ಅಂದರೆ ಕೈ ಓಡುವುದಿಲ್ಲ. ಯಾಕೆಂದರೆ ನಿರಚನೆ ಅನ್ನುವುದು ನಂಬಬೇಕಾದ ಮಾತಲ್ಲ, ಓದುವ ರೀತಿ. ಮಾಡಿ ನೋಡದೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಸಿದ್ಧಾಂತದ ಚರಿತ್ರೆ ಬಿಟ್ಟು ಈ ಒಂದು ವಚನವನ್ನೇ ಹಿಡಿದು ಕೂರುತ್ತೇನೆ.

ಶುರುವಿನಲ್ಲೇ ಒಂದು ಮಾತು. ನಿರಚನೆ ಮಾಡುವವರು ಪದ್ಯದ ಸಾಮಾನ್ಯ ಅರ್ಥವನ್ನು ಧಿಕ್ಕರಿಸುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇದು ನಿಜವಲ್ಲ. ಪಠ್ಯ ಏನು ಹೇಳಲು ಹೊರಟಿದೆ ಎನ್ನುವುದನ್ನು ಮೊದಲು ನೆಟ್ಟಗೆ ಹೇಳಿಕೊಳ್ಳಬೇಕು, ಆ ಕಟ್ಟು ಇಲ್ಲದಿದ್ದರೆ ಓದು ಯಾವ ದಿಕ್ಕಿಗೆ ಬೇಕಾದರೂ ಹೋಗಿಬಿಡುತ್ತದೆ ಅಂತ ಡೆರಿಡಾನೇ ಎಚ್ಚರಿಸಿದ್ದಾನೆ. ಅಷ್ಟೇ ಸಾಲದು ಅಂತಲೂ ಸೇರಿಸಿದ್ದಾನೆ, ಅದು ಬೇರೆ ಮಾತು.

ಹಾಗಾದರೆ ಈ ವಚನದ ನೇರ ಅರ್ಥ ಏನು? ದುಡ್ಡಿದ್ದವರು ಶಿವನಿಗೆ ಗುಡಿ ಕಟ್ಟಿಸುತ್ತಾರೆ. ನಾನು ಬಡವ, ನನ್ನ ಕೈಲಾಗುವುದಿಲ್ಲ. ಆದರೆ ನನ್ನ ಕಾಲುಗಳೇ ಕಂಬ, ಮೈಯೇ ಗುಡಿ, ತಲೆಯೇ ಚಿನ್ನದ ಕಳಶ. ನಿಂತಿರುವ ಗುಡಿ ಒಂದು ದಿನ ಬೀಳುತ್ತದೆ, ನಡೆದಾಡುವ ಭಕ್ತನಿಗೆ ಅಳಿವಿಲ್ಲ. ಇಷ್ಟು. ಶಾಲೆಯಲ್ಲಿ ಹೇಳಿಕೊಟ್ಟದ್ದೂ ಇದೇ, ಅದು ಸರಿಯಾಗಿಯೇ ಇದೆ.

ಈಗ ವಚನ ಯಾವ ಜೋಡಿಗಳ ಮೇಲೆ ನಿಂತಿದೆ ನೋಡಿ. ಉಳ್ಳವರು ಒಂದು ಕಡೆ, ಬಡವ ಇನ್ನೊಂದು ಕಡೆ. ದೇಗುಲ ಒಂದು ಕಡೆ, ದೇಹ ಇನ್ನೊಂದು ಕಡೆ. ಸ್ಥಾವರ, ಜಂಗಮ. ಇವು ಬರೀ ಜೋಡಿಗಳಲ್ಲ, ಪ್ರತಿಯೊಂದರಲ್ಲೂ ಒಂದು ಮೇಲು ಒಂದು ಕೀಳು. ಲೋಕದ ಲೆಕ್ಕದಲ್ಲಿ ಉಳ್ಳವನು ಮೇಲು, ಅವನು ಕಟ್ಟಿಸಿದ ಕಲ್ಲಿನ ಗುಡಿ ಮೇಲು. ವಚನ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಬಡವ ಮೇಲೆ ಬರುತ್ತಾನೆ, ದೇಹ ಮೇಲೆ ಬರುತ್ತದೆ, ಜಂಗಮ ಮೇಲೆ ಬರುತ್ತದೆ.

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. 'ಬಸವಣ್ಣನವರು ಸ್ಥಾವರವನ್ನು ನಿರಚಿಸಿದರು' ಅಂತ ಬರೆದ ಉತ್ತರಗಳನ್ನು ಬೇಕಾದಷ್ಟು ಓದಿದ್ದೇನೆ. ಆದರೆ ಇದು ಇನ್ನೂ ನಿರಚನೆ ಅಲ್ಲ. ಮೇಲು ಕೀಳುಗಳನ್ನು ಅದಲುಬದಲು ಮಾಡಿದ್ದು ವಚನ, ಓದುಗರಾಗಿ ನಾವು ಅದನ್ನು ಗುರುತಿಸಿದ್ದೇವೆ ಅಷ್ಟೇ. ಏಣಿಯನ್ನು ತಿರುಗಿಸಿ ನಿಲ್ಲಿಸಿದರೂ ಅದು ಏಣಿಯೇ ಅಲ್ವಾ? ಮೆಟ್ಟಿಲು ಹಾಗೇ ಉಳಿದಿರುತ್ತೆ. ಡೆರಿಡಾ ಹೇಳುವ ಎರಡನೇ ಹೆಜ್ಜೆ ಇರುವುದು ಇದರ ಮುಂದೆ. ಈಗ ಮೇಲೆ ಕೂತಿರುವುದು ತಾನು ತಳ್ಳಿದ್ದನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ ಅಂತ ನೋಡಬೇಕು. ಅದಿಲ್ಲದೆ ತನ್ನ ಮಾತನ್ನೇ ಆಡಲಾರದಷ್ಟು ನೆಚ್ಚಿಕೊಂಡಿದ್ದರೆ, ಎರಡನ್ನೂ ಬೇರೆಬೇರೆ ಮಾಡಿದ ಗೆರೆಯೇ ಅಲುಗುತ್ತದೆ.

ಆ ಗೆರೆ ಈ ವಚನದಲ್ಲಿ ಎಲ್ಲಿ ಅಲುಗುತ್ತದೆ?

'ಎನ್ನ ಕಾಲೇ ಕಂಬ' ಅನ್ನುವ ಮಾತಿನಿಂದ ಶುರು ಮಾಡೋಣ. ಕಾಲು ನಡೆಯುವುದಕ್ಕೆ ಇರುವ ಅಂಗ. ಜಂಗಮ ಅಂದರೆ ಚಲಿಸುವುದು. ಮೈಯಲ್ಲಿ ಜಂಗಮಕ್ಕೆ ಗುರುತು ಅಂತ ಒಂದು ಅಂಗ ಹೇಳಿ ಅಂದರೆ ಯಾರಾದರೂ ಕಾಲನ್ನೇ ತೋರಿಸುತ್ತಾರೆ. ವಚನ ಆ ಕಾಲನ್ನೇ ತೆಗೆದುಕೊಂಡು ಕಂಬ ಮಾಡಿಬಿಟ್ಟಿದೆ. ಕಂಬ ನಡೆಯುವುದಿಲ್ಲ, ನಡೆದರೆ ಗುಡಿ ಬೀಳುತ್ತದೆ. ಅಂದರೆ ಕೊನೆಯ ಸಾಲಿನಲ್ಲಿ ಜಂಗಮವನ್ನು ಗೆಲ್ಲಿಸುವ ವಚನ, ಅದಕ್ಕೆ ಮೂರು ಸಾಲು ಹಿಂದೆ ಜಂಗಮದ ಕಾಲನ್ನು ನೆಲಕ್ಕೆ ನೆಟ್ಟಿದೆ.

ಇದನ್ನು ಇನ್ನೂ ಬಿಗಿಯಾಗಿ ಕೇಳಬಹುದು. ದೇಹವೇ ದೇಗುಲ ಅಂತೀರಿ. ದೇಗುಲ ಸ್ಥಾವರ. ಸ್ಥಾವರಕ್ಕೆ ಅಳಿವುಂಟು ಅಂತೀರಿ. ಹಾಗಾದರೆ ದೇಹಕ್ಕೂ ಅಳಿವುಂಟು ಅಂತಾಯ್ತು. ವಚನ ಹೇಳಬೇಕಾಗಿದ್ದುದು ಇದರ ಉಲ್ಟಾ. ದೇಹವನ್ನು ಜಂಗಮದ ಕಡೆ ಇಡಬೇಕಾದರೆ 'ದೇಹವೇ ದೇಗುಲ' ಅನ್ನುವ ಮಾತನ್ನು ಪೂರ್ತಿ ನಂಬಬಾರದು. ಅದನ್ನು ನಂಬದಿದ್ದರೆ ಬಡವನ ಹತ್ತಿರ ಉಳ್ಳವರಿಗೆ ಕೊಡಲು ಉತ್ತರವೇ ಇಲ್ಲ. ಎರಡೂ ಸಾಲು ಒಟ್ಟಿಗೆ ಬೇಕು, ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಈ ಥರ ದಾರಿ ಕಟ್ಟಿಹೋದ ಜಾಗಕ್ಕೆ ಸಿದ್ಧಾಂತದವರು ಅಪೋರಿಯಾ ಅನ್ನುತ್ತಾರೆ. ಹೆಸರು ನೆನಪಿರದಿದ್ದರೂ ನಷ್ಟವಿಲ್ಲ, ಜಾಗವನ್ನು ಕೈಯಿಟ್ಟು ತೋರಿಸಲು ಬಂದರೆ ಸಾಕು.

'ಅಯ್ಯೋ, ಜಂಗಮ ಅಂದರೆ ಇಲ್ಲಿ ದೇಹ ಅಲ್ಲ, ಒಳಗಿನ ಚೈತನ್ಯ, ಅದಕ್ಕೆ ಅಳಿವಿಲ್ಲ' ಅಂತ ನೀವು ಹೇಳಬಹುದು. ಒಳ್ಳೆಯ ಉತ್ತರ. ಆದರೆ ಅದಕ್ಕೆ ಏನು ಬೆಲೆ ತೆರಬೇಕಾಗುತ್ತದೆ ನೋಡಿ. ಚೈತನ್ಯಕ್ಕೆ ಕಾಲಿಲ್ಲ, ತಲೆಯಿಲ್ಲ. ಜಂಗಮವನ್ನು ಚೈತನ್ಯ ಮಾಡಿದ ತಕ್ಷಣ ವಚನದ ನಡುವಿನ ಎರಡು ಸಾಲು ಬರೀ ಅಲಂಕಾರವಾಗಿಬಿಡುತ್ತವೆ. ಇಡೀ ವಚನದ ಶಕ್ತಿ ಇರುವುದು ನನ್ನ ಈ ಕಾಲು, ನನ್ನ ಈ ಮೈ ಅನ್ನುವ ಗಟ್ಟಿತನದಲ್ಲಿ. ಬಡವನಿಗಿರುವ ಒಂದೇ ಆಸ್ತಿ ಅವನ ಮೈ. ಅದನ್ನು ಕಳಚಿಟ್ಟು ಆತ್ಮದ ಮಾತಿಗೆ ಹೋದರೆ ಉಳ್ಳವರಿಗೂ ಆತ್ಮ ಇದೆಯಲ್ಲ! ಬಡವನೇ ಯಾಕೆ ಬೇಕು?

ಇನ್ನೊಂದು ದಾರಿಯೂ ಇದೆ. ಶರಣರ ಮಾತಿನಲ್ಲಿ ಜಂಗಮ ಅಂದರೆ ಊರೂರು ತಿರುಗುವ ಶಿವಭಕ್ತ, ಪೂಜ್ಯನಾದ ವ್ಯಕ್ತಿ ಅನ್ನುವ ಅರ್ಥವೂ ಇದೆ. ಹಾಗೆ ಓದಿದರೆ ಒಬ್ಬ ಜಂಗಮ ಸತ್ತರೂ ಜಂಗಮರ ಸಾಲು ಮುಂದುವರಿಯುತ್ತದೆ, ಆ ಅರ್ಥದಲ್ಲಿ ಅಳಿವಿಲ್ಲ ಅನ್ನಬಹುದು. ಇದು ನನಗೆ ಇಷ್ಟವಾದ ಓದು. ಆದರೆ ಆಗ ಕೊನೆಯ ಸಾಲು 'ಎನ್ನ' ಮೈಯನ್ನು ಬಿಟ್ಟು ಬೇರೆಯವರ ಬಗ್ಗೆ ಮಾತಾಡಲು ಶುರು ಮಾಡುತ್ತದೆ. 'ನಾನೇನ ಮಾಡುವೆ' ಅಂತ ಕೇಳಿದ ಆ ಒಬ್ಬ ಬಡವನಿಗೆ ಉತ್ತರ ಸಿಗುವುದೇ ಇಲ್ಲ. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸಡಿಲವಾಗುತ್ತೆ.

ಈಗ 'ಹೊನ್ನ ಕಳಶ'ಕ್ಕೆ ಬನ್ನಿ. ನನಗೆ ಇಡೀ ವಚನದಲ್ಲಿ ಅತಿ ವಿಚಿತ್ರವಾಗಿ ಕಾಣುವ ಪದ 'ಹೊನ್ನ'. ಕಾಲು ಕಂಬದಂತಿದೆ, ಸರಿ, ನೋಡಲು ಹೋಲಿಕೆ ಇದೆ. ತಲೆ ಕಳಶದಂತಿದೆ, ಅದೂ ಸರಿ, ಮೇಲಿದೆ, ದುಂಡಗಿದೆ. ಆದರೆ ಚಿನ್ನ ಯಾಕೆ? ಬಡವನ ತಲೆ ಕಲ್ಲಿನ ಕಳಶ ಆಗಬಹುದಿತ್ತು, ಬರೀ ಕಳಶ ಆಗಬಹುದಿತ್ತು. ಚಿನ್ನ ಇರುವುದು ಉಳ್ಳವರ ಹತ್ತಿರ. 'ನನ್ನ ತಲೆಯೂ ಬೆಲೆಬಾಳುವುದೇ' ಅಂತ ಹೇಳುವ ಗಳಿಗೆಯಲ್ಲಿ ವಚನ ಉಳ್ಳವರ ತಕ್ಕಡಿಯನ್ನೇ ಎರವಲು ತಂದಿದೆ. ಸಂಪತ್ತನ್ನು ನಿರಾಕರಿಸುವ ಮಾತು ಸಂಪತ್ತಿನ ಭಾಷೆಯಲ್ಲೇ ಬೆಲೆ ಕಟ್ಟುತ್ತಿದೆ. ಡೆರಿಡಾ ರೂಸೋನನ್ನು ಓದುವಾಗ 'ಪೂರಕ' ಅನ್ನುವ ಮಾತಿನ ಸುತ್ತ ಬಹಳ ಹೊತ್ತು ಸುತ್ತುತ್ತಾನೆ. ತನ್ನಲ್ಲೇ ಪೂರ್ತಿಯಾಗಿದೆ ಅಂದ ವಸ್ತುವಿಗೆ ಹೊರಗಿನಿಂದ ಏನನ್ನೋ ಸೇರಿಸಿದರೆ, ಆ ಸೇರ್ಪಡೆಯೇ ಒಳಗೆ ಏನೋ ಕೊರತೆ ಇತ್ತು ಅಂತ ಹೇಳಿಬಿಡುತ್ತದೆ. 'ಹೊನ್ನ' ಅನ್ನುವುದು ಅಂಥ ಸೇರ್ಪಡೆ.

ಇಲ್ಲೇ ಒಂದು ಎಚ್ಚರಿಕೆ. ಮೇಲೆ ಕೊಟ್ಟ ಪಾಠದಲ್ಲಿ 'ಕಾಲೇ', 'ದೇಹವೇ' ಅಂತ ಒತ್ತಿ ಹೇಳಿದ್ದಾರೆ, ಆದರೆ ಶಿರದ ಹತ್ತಿರ ಬಂದಾಗ ಆ 'ಏ' ಇಲ್ಲ, ಬರೀ 'ಶಿರ'. ಇದನ್ನು ನೋಡಿದಾಗ ಕೈ ತುರಿಸುತ್ತೆ. ಚಿನ್ನದ ಹತ್ತಿರ ಬಂದಾಗ ವಚನದ ಧೈರ್ಯ ಕುಂದಿತು ಅಂತ ಚಂದವಾಗಿ ಒಂದು ಪ್ಯಾರಾ ಬರೆಯಬಹುದು. ಆದರೆ ಹಾಡುವವರು ಎಷ್ಟೋ ಸಲ 'ಶಿರವೇ ಹೊನ್ನ ಕಳಶವಯ್ಯಾ' ಎಂದೇ ಹಾಡುತ್ತಾರೆ. 'ಮಾಡುವರು' ಬದಲು 'ಮಾಡಿಹರು', 'ಮಾಡುವೆ' ಬದಲು 'ಮಾಡಲಿ' ಅನ್ನುವುದೂ ಕೇಳುತ್ತದೆ. ಪಾಠಭೇದ ಇರುವ ಒಂದು ಅಕ್ಷರದ ಮೇಲೆ ಇಡೀ ಓದಿನ ಭಾರ ಹಾಕಬಾರದು. ಕಂಬ, ದೇಗುಲ, ಹೊನ್ನು, ಸ್ಥಾವರ, ಜಂಗಮ ಈ ಪದಗಳು ಎಲ್ಲ ಪಾಠಗಳಲ್ಲೂ ಇವೆ. ಭಾರ ಅಲ್ಲಿರಲಿ.

ಮಾಡುವುದರ ಬಗ್ಗೆ ಈಗ ನೋಡೋಣ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಮುನ್ನುಡಿಯಲ್ಲಿ ಇದೇ ವಚನವನ್ನು ಹಿಡಿದು ಮಾಡುವುದು ಮತ್ತು ಆಗುವುದರ ನಡುವಿನ ವ್ಯತ್ಯಾಸವನ್ನು ತೋರಿಸಿದ್ದಾರೆ. ಉಳ್ಳವರು ಗುಡಿ ಮಾಡಬಲ್ಲರು, ಗುಡಿ ಆಗಲಾರರು. ಬಡವ ತಾನೇ ಗುಡಿ. ಇದು ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಮೊದಲೆರಡು ಸಾಲಿನಲ್ಲಿ ಕ್ರಿಯಾಪದ ಇದೆ, ಮಾಡುವರು, ಮಾಡುವೆ. ಮುಂದಿನ ಎರಡು ಸಾಲಿನಲ್ಲಿ ಕ್ರಿಯಾಪದವೇ ಇಲ್ಲ. ಕಾಲೇ ಕಂಬ. ದೇಹವೇ ದೇಗುಲ. ಯಾರೂ ಏನೂ ಮಾಡುತ್ತಿಲ್ಲ, ಬರೀ ಇದ್ದಾರೆ.

ಆದರೆ ಆ ಸಾಲುಗಳ ಕ್ರಮ ನೋಡಿ. ಮೊದಲು ಕಂಬ, ಆಮೇಲೆ ಗುಡಿ, ಕೊನೆಗೆ ಕಳಶ. ಕೆಳಗಿನಿಂದ ಮೇಲಕ್ಕೆ. ಗುಡಿ ಕಟ್ಟುವವರು ಕೆಲಸ ಮಾಡುವ ಕ್ರಮವೇ ಇದು, ಕಳಶ ಏರುವುದು ಎಲ್ಲ ಮುಗಿದ ಮೇಲೆ. 'ನಾನು ಕಟ್ಟಲಾರೆ, ನಾನೇ ಗುಡಿ' ಅನ್ನುವ ವಚನ ನಮ್ಮ ಕಣ್ಣ ಮುಂದೆ ಹಂತಹಂತವಾಗಿ ಒಂದು ಗುಡಿ ಕಟ್ಟುತ್ತಿದೆ, ಕಲ್ಲಿನಿಂದಲ್ಲ, ಮಾತಿನಿಂದ. ಮಾಡುವುದನ್ನು ಹೊರಗೆ ಹಾಕಿದ್ದೇನೆ ಅಂದುಕೊಂಡ ಜಾಗದಲ್ಲೇ ಮಾಡುವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಕ್ರಿಯಾಪದ ಕಾಣಿಸುತ್ತಿಲ್ಲ, ಕ್ರಿಯೆ ಕಾಣಿಸುತ್ತಿದೆ.

ರಾಮಾನುಜನ್ ಅದೇ ಜಾಗದಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾರೆ. ನಮ್ಮ ಗುಡಿಗಳನ್ನು ಕಟ್ಟಿದ್ದೇ ಮನುಷ್ಯನ ಮೈಯ ಮಾದರಿಯಲ್ಲಿ. ಗುಡಿಯ ಭಾಗಗಳಿಗೆ ಪಾದ, ಹಸ್ತ ಅಂತೆಲ್ಲ ಮೈಯ ಹೆಸರುಗಳಿವೆ, ತುದಿಯ ಶಿಖರ ಅಂದರೆ ತಲೆ, ದೇವರಿರುವ ಕತ್ತಲ ಕೋಣೆಗೆ ನಾವು ಇವತ್ತಿಗೂ ಗರ್ಭಗುಡಿ ಅಂತೀವಿ. ಅವರ ಪ್ರಕಾರ ಕಲ್ಲಿನ ಗುಡಿ ತನ್ನ ಮೂಲವನ್ನು ಮರೆತಿತ್ತು, ವಚನ ಅದನ್ನು ಮತ್ತೆ ಮೈಗೆ ಮರಳಿಸಿತು. ಮೂಲಕ್ಕೆ ಮರಳುವಿಕೆ.

ನಿರಚನೆಯ ಓದು ರಾಮಾನುಜನ್ ಓದಿನಿಂದ ಇಲ್ಲಿ ಬೇರೆಯಾಗುತ್ತದೆ. ಯಾವ ಮೂಲಕ್ಕೆ ಮರಳುವುದು? ಗುಡಿ ಮೈಯನ್ನು ನೋಡಿ ಕಟ್ಟಿದ್ದು ಅಂತಾದರೆ, ಮೈ ಮೊದಲು ಗುಡಿ ಆಮೇಲೆ. ಆದರೆ ವಚನದಲ್ಲಿ ಮೈ ಪವಿತ್ರ ಅಂತ ಗೊತ್ತಾಗುವುದು ಗುಡಿಯನ್ನು ನೋಡಿದ ಮೇಲೆ, ಕಂಬ ಕಳಶಗಳ ಹೆಸರು ಹೇಳಿದ ಮೇಲೆ. ಗುಡಿಯೇ ಇಲ್ಲದ ಊರಿನಲ್ಲಿ 'ದೇಹವೇ ದೇಗುಲ' ಅಂದರೆ ಏನೂ ಅರ್ಥವಾಗುವುದಿಲ್ಲ. ಮೈಯ ನಕಲು ಗುಡಿ, ಗುಡಿಯ ನಕಲು ಮೈ. ಯಾವುದು ಮೂಲ ಯಾವುದು ನಕಲು ಅಂತ ಹುಡುಕುತ್ತಾ ಹೋದರೆ ಸುತ್ತು ಮುಗಿಯುವುದೇ ಇಲ್ಲ. ಡೆರಿಡಾನಿಗೆ ಆಸಕ್ತಿ ಇರುವುದು ಈ ಸುತ್ತಿನಲ್ಲೇ. ಮೂಲ ಅನ್ನುವುದು ಶುದ್ಧವಾಗಿ, ಒಂಟಿಯಾಗಿ, ಮೊದಲೇ ಎಲ್ಲೋ ಇತ್ತು ಅನ್ನುವ ನಂಬಿಕೆಯನ್ನೇ ಅವನು ಪ್ರಶ್ನಿಸುತ್ತಾನೆ.

ಅಂಕಿತದ ಬಗ್ಗೆ ಇನ್ನೂ ಹೇಳಿಲ್ಲ. ವಚನಗಳನ್ನು ಓದುವಾಗ ನಾವು ಅಂಕಿತವನ್ನು ಸಹಿ ಅಂತ ಭಾವಿಸಿ ದಾಟಿಬಿಡುತ್ತೇವೆ. ಇಲ್ಲಿ ದಾಟಬೇಡಿ. ಕೂಡಲಸಂಗಮ ಒಂದು ಊರು, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಜಾಗ. ಅಲ್ಲಿ ಸಂಗಮನಾಥನ ಗುಡಿ ಇದೆ, ಕಲ್ಲಿನ ಗುಡಿಯೇ. ಅಂದರೆ 'ಸ್ಥಾವರಕ್ಕಳಿವುಂಟು' ಅನ್ನುವ ಮಾತನ್ನು ವಚನ ಹೇಳುತ್ತಿರುವುದು ಒಂದು ನಿರ್ದಿಷ್ಟ ಸ್ಥಳದ, ಒಂದು ನಿರ್ದಿಷ್ಟ ಗುಡಿಯ ಹೆಸರು ಹೊತ್ತ ದೇವರಿಗೆ. 'ಕೇಳಯ್ಯಾ' ಅಂತ ಕರೆದು ಹೇಳುತ್ತಿದೆ. ಸ್ಥಾವರ ಅಳಿಯುತ್ತದೆ ಅನ್ನುವುದಕ್ಕೆ ಸ್ಥಾವರದ ದೇವರನ್ನೇ ಸಾಕ್ಷಿ ಕರೆದ ಹಾಗಾಯ್ತು.

ಆದರೆ ಆ ಹೆಸರು ಬರೀ ಸ್ಥಾವರದ ಹೆಸರೂ ಅಲ್ಲ. ಸಂಗಮ ಅಂದರೆ ಎರಡು ನದಿ ಸೇರುವುದು. ನದಿ ಹರಿಯುತ್ತದೆ, ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹರಿಯುವ ಎರಡು ನೀರು ಕೂಡುವ ಜಾಗ ಮಾತ್ರ ಅಲ್ಲೇ ಇರುತ್ತೆ, ಅದಕ್ಕೊಂದು ಹೆಸರು ಬರುತ್ತೆ, ಊರಾಗುತ್ತೆ. ಸಂಗಮ ಸ್ಥಾವರವೋ ಜಂಗಮವೋ? ನಿಂತಿದೆ ಅನ್ನೋಣ ಅಂದರೆ ಅದರಲ್ಲಿ ನಿಂತದ್ದು ಏನೂ ಇಲ್ಲ. ಚಲಿಸುತ್ತಿದೆ ಅನ್ನೋಣ ಅಂದರೆ ಅದು ನಿನ್ನೆ ಇದ್ದಲ್ಲೇ ಇವತ್ತೂ ಇದೆ. ವಚನದ ಕೊನೆಯ ಸಾಲು ಲೋಕವನ್ನು ಎರಡು ಭಾಗ ಮಾಡುತ್ತದೆ, ಅದರ ಹಿಂದಿನ ಸಾಲಿನಲ್ಲೇ ಎರಡು ಭಾಗಕ್ಕೂ ಸೇರದ ಒಂದು ಹೆಸರು ಕೂತಿದೆ. ಇಂಥ ಪದಗಳನ್ನು ಹುಡುಕುವುದು ನಿರಚನೆಯ ಓದಿನ ಮುಖ್ಯ ಕೆಲಸಗಳಲ್ಲಿ ಒಂದು. ಪ್ಲೇಟೋನ ಗ್ರೀಕಿನಲ್ಲಿ ಔಷಧಿ ಅಂತಲೂ ವಿಷ ಅಂತಲೂ ಅರ್ಥ ಕೊಡುವ 'ಫಾರ್ಮಕಾನ್' ಪದವನ್ನು ಹಿಡಿದು ಡೆರಿಡಾ ಮಾಡಿದ್ದು ಇದನ್ನೇ. ನಮಗೆ 'ಸಂಗಮ' ಸಿಕ್ಕಿದೆ.

ಒಮ್ಮೆ ಇಷ್ಟನ್ನೂ ತರಗತಿಯಲ್ಲಿ ಹೇಳಿ ಮುಗಿಸಿದಾಗ ಒಬ್ಬಳು ಹುಡುಗಿ, ಮುಖದಲ್ಲಿ ನಿಜವಾದ ಬೇಜಾರು ಇತ್ತು, 'ಹಾಗಾದ್ರೆ ಬಸವಣ್ಣನವರು ತಪ್ಪು ಹೇಳಿದ್ರು ಅಂತಾನಾ ಸರ್?' ಅಂತ ಕೇಳಿದಳು. ಪಕ್ಕದಲ್ಲಿದ್ದವನು, 'ಅವರೇ ಬಿಜ್ಜಳನ ಭಂಡಾರಿ ಆಗಿದ್ರಲ್ಲ, ಬಡವ ಅಂತ ಹೇಗೆ ಹೇಳ್ಕೊಂಡ್ರು?' ಅಂತ ಸೇರಿಸಿದ.

ಎರಡೂ ಪ್ರಶ್ನೆ ಬಂದದ್ದು ಒಳ್ಳೆಯದೇ ಆಯ್ತು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕವಿಯ ಜೀವನವನ್ನು ತಂದು ಪದ್ಯದ ಎದುರು ಇಟ್ಟು 'ನೋಡಿ ಸಿಕ್ಕಿಬಿದ್ದರು' ಅನ್ನುವುದು ನಿರಚನೆ ಅಲ್ಲ, ಅದು ಸುಮ್ನೆ ತಪ್ಪು ಹಿಡಿಯುವುದು. ವಚನದ 'ನಾನು' ಇತಿಹಾಸದ ಬಸವಣ್ಣನೇ ಆಗಬೇಕಾಗಿಲ್ಲ. ಬಡವ ಅನ್ನುವುದು ದೇವರ ಮುಂದೆ ನಿಲ್ಲುವ ಒಂದು ನಿಲುವೂ ಇರಬಹುದು. ನಿರಚನೆಗೆ ಬೇಕಾದ ವಿರೋಧ ಪದ್ಯಕ್ಕೂ ಹೊರಗಿನ ಸಂಗತಿಗೂ ನಡುವೆ ಇರುವುದಲ್ಲ, ಪದ್ಯ ಹೇಳುವುದಕ್ಕೂ ಪದ್ಯ ಹೇಳುವ ರೀತಿಗೂ ನಡುವೆ ಇರುವಂಥದ್ದು.

ಮೊದಲನೆಯದಕ್ಕೆ ನನ್ನ ಉತ್ತರ ಇದು. ತಪ್ಪು ಅಂದರೆ ಬೇರೆ ಥರ ಹೇಳಿದ್ದರೆ ಸರಿಯಾಗುತ್ತಿತ್ತು ಅಂತ. ಇಲ್ಲಿ ಹಾಗಿಲ್ಲ. ಗುಡಿಯ ಮಾತನ್ನೇ ಬಳಸದೆ ಗುಡಿಯನ್ನು ನಿರಾಕರಿಸಿ ನೋಡಿ. 'ನನಗೆ ಗುಡಿ ಬೇಡ' ಅಂತ ಒಂದು ಒಣ ವಾಕ್ಯ ಉಳಿಯುತ್ತೆ, ಅದರಲ್ಲೂ ಗುಡಿ ಬಂತು. ಯಾವುದನ್ನು ಮೀರಬೇಕೋ ಅದರ ಭಾಷೆಯಲ್ಲೇ ಮಾತಾಡಬೇಕಾದ ಕಷ್ಟ ಬಸವಣ್ಣನವರೊಬ್ಬರದ್ದಲ್ಲ. ಡೆರಿಡಾ ತನ್ನ ಬಗ್ಗೆಯೂ ಇದನ್ನೇ ಹೇಳಿಕೊಂಡಿದ್ದಾನೆ. ಪಾಶ್ಚಾತ್ಯ ತತ್ವಶಾಸ್ತ್ರವನ್ನು ಪ್ರಶ್ನಿಸಲು ಆ ತತ್ವಶಾಸ್ತ್ರದ ಪದಗಳನ್ನು ಬಿಟ್ಟು ತನ್ನ ಹತ್ತಿರ ಬೇರೆ ಪದಗಳಿಲ್ಲ ಅಂತ.

ಹಾಗಾದರೆ ಇದಕ್ಕೂ ಹಳೆಯ ವಿಮರ್ಶೆಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಪದ್ಯದೊಳಗಿನ ವಿರೋಧಾಭಾಸಗಳನ್ನು ಗುರುತಿಸುವ ಕೆಲಸವನ್ನು ಅಮೆರಿಕದ ನವವಿಮರ್ಶಕರು ಮೊದಲೇ ಮಾಡಿದ್ದರು. ಕ್ಲಿಯಂತ್ ಬ್ರೂಕ್ಸ್ 1947ರ ತನ್ನ ಪುಸ್ತಕದಲ್ಲಿ ಕಾವ್ಯದ ಭಾಷೆಯೇ ವಿರೋಧಾಭಾಸದ ಭಾಷೆ ಅಂತ ವಾದಿಸಿದ. ಆದರೆ ಅವನ ಓದು ಕೊನೆಗೆ ಒಂದು ಒಗ್ಗಟ್ಟಿಗೆ ಬಂದು ನಿಲ್ಲುತ್ತದೆ. ಎಳೆದಾಟ ಇದೆ, ಆ ಎಳೆದಾಟದಿಂದಲೇ ಪದ್ಯ ಬಿಗಿಯಾಗಿ ನಿಂತಿದೆ. ಈ ವಚನವನ್ನು ಹಾಗೆ ಓದಿದರೆ 'ದೇಹ ದೇಗುಲವಾಗಿ, ಸ್ಥಾವರ ಜಂಗಮಗಳು ಭಕ್ತನಲ್ಲಿ ಒಂದಾಗುತ್ತವೆ' ಅಂತ ಮುಗಿಸಬಹುದು. ಓದಲು ಚೆನ್ನಾಗಿರುತ್ತೆ. ಆದರೆ ವಚನ ಒಂದಾಗುತ್ತವೆ ಅಂತ ಹೇಳಿಲ್ಲ! ಒಂದಕ್ಕೆ ಅಳಿವುಂಟು, ಇನ್ನೊಂದಕ್ಕಿಲ್ಲ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ. ಆ ತುಂಡು ಸೇರಿಸಲು ಬರುವುದಿಲ್ಲ, ಹಾಗಂತ ತುಂಡಾಗಿಯೂ ಉಳಿಯುವುದಿಲ್ಲ. ನಿರಚನೆ ಇದನ್ನು ಸರಿಮಾಡಲು ಹೋಗುವುದಿಲ್ಲ. ಎಲ್ಲಿ, ಹೇಗೆ ಸೇರುವುದಿಲ್ಲ ಅಂತ ತೋರಿಸಿ ಅಲ್ಲೇ ನಿಲ್ಲುತ್ತದೆ.

ಇಲ್ಲಿಯವರೆಗೆ ವಚನದ ಒಳಗೆ ಇದ್ದೆವು. ಇನ್ನೊಂದು ಹೆಜ್ಜೆ ಇದೆ, ನನಗೆ ತುಂಬಾ ಹಿಡಿಸುವಂಥದ್ದು. ವಚನ ಅಂದರೆ ಮಾತು, ಆಡಿದ್ದು. ಮಾತು ಜೀವಂತ, ಬಾಯಿಂದ ಕಿವಿಗೆ ಚಲಿಸುವಂಥದ್ದು. ಬರಹ ಸತ್ತದ್ದು, ಹಾಳೆಯ ಮೇಲೆ ನಿಂತದ್ದು. ಮಾತು ಜಂಗಮ, ಬರಹ ಸ್ಥಾವರ ಅನ್ನಬಹುದು. ಮಾತನ್ನು ಮೇಲಿಟ್ಟು ಬರಹವನ್ನು ಕೆಳಗಿಡುವ ಈ ಅಭ್ಯಾಸವನ್ನೇ ಡೆರಿಡಾ 1967ರಲ್ಲಿ ಪ್ಲೇಟೋನಿಂದ ಭಾಷಾವಿಜ್ಞಾನಿ ಸೊಸ್ಯೂರ್‌ವರೆಗೆ ಬೆನ್ನಟ್ಟಿದ್ದು. ನಮ್ಮ ವಚನದ ಕೊನೆಯ ಸಾಲನ್ನು ಈ ಜೋಡಿಗೆ ಹೊಂದಿಸಿದರೆ ಆಡಿದ ಮಾತಿಗೆ ಅಳಿವಿಲ್ಲ, ಬರೆದದ್ದಕ್ಕೆ ಅಳಿವುಂಟು ಅಂತಾಗಬೇಕು.

ಆದರೆ ಹನ್ನೆರಡನೇ ಶತಮಾನದ ಬಾಯಿ ನಮಗೆ ಸಿಕ್ಕಿಲ್ಲ. ಸಿಕ್ಕಿದ್ದು ಬಹುಮಟ್ಟಿಗೆ ತಾಳೆಗರಿ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಮಠ ಮನೆಗಳಿಂದ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಗಳ ದೊಡ್ಡ ಸಂಗ್ರಹವನ್ನು ಅಚ್ಚು ಹಾಕಿಸಿದರು. ಜಂಗಮಕ್ಕೆ ಅಳಿವಿಲ್ಲ ಅನ್ನುವ ಮಾತು ಇಷ್ಟು ಪಕ್ಕಾ ನಮಗೆ ಸಿಗುವಂತೆ ಉಳಿಸಿದ್ದು ಸ್ಥಾವರವಾದ ಬರಹ. ಸರಿ, ಹಾಗಾದರೆ ಸ್ಥಾವರ ಗೆದ್ದಿತಾ? ಅದೂ ಇಲ್ಲ. ತಾಳೆಗರಿಗೆ ಹುಳ ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಒಂದು ಗರಿ ಹಾಳಾಗುವ ಮೊದಲು ಇನ್ನೊಂದಕ್ಕೆ ಪ್ರತಿ ಮಾಡಬೇಕು, ಅದರಿಂದ ಮತ್ತೊಂದಕ್ಕೆ. ಬರಹ ಉಳಿದದ್ದು ನಿಂತಿದ್ದರಿಂದ ಅಲ್ಲ, ಕೈಯಿಂದ ಕೈಗೆ, ಗರಿಯಿಂದ ಗರಿಗೆ ಚಲಿಸಿದ್ದರಿಂದ. ಹಾಗೆ ಚಲಿಸುವಾಗಲೇ ಪಾಠಭೇದಗಳೂ ಸೇರಿಕೊಂಡಿರಬೇಕು. 'ಮಾಡುವರು' 'ಮಾಡಿಹರು' ನಡುವಿನ ವ್ಯತ್ಯಾಸ ಆ ಚಲನೆಯ ಗುರುತು. ಈ ಕಡೆಯಿಂದ ನೋಡಿದರೆ ಸ್ಥಾವರದ ಒಳಗೇ ಜಂಗಮ ಇದೆ.

ಈ ಕೊನೆಯ ಹೆಜ್ಜೆ ಮೊದಲಿನವುಗಳಷ್ಟು ಗಟ್ಟಿಯಲ್ಲ ಅಂತಲೂ ಹೇಳಬೇಕು. ವಚನದಲ್ಲಿ ಬರಹದ ಮಾತೇ ಬಂದಿಲ್ಲ, ನಾನು ಹೊರಗಿನಿಂದ ತಂದದ್ದು. ಕಂಬ, ಹೊನ್ನು, ಸಂಗಮದ ಬಗ್ಗೆ ಹೇಳಿದ್ದನ್ನು ಯಾರಾದರೂ ಪ್ರಶ್ನಿಸಿದರೆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ತಾಳೆಗರಿಯ ವಿಷಯದಲ್ಲಿ ಹಾಗೆ ತೋರಿಸಲಾರೆ, 'ವಚನ' ಅನ್ನುವ ಹೆಸರನ್ನು ಬಿಟ್ಟರೆ. ಓದುವಾಗ ಈ ಎರಡರ ನಡುವಿನ ದೂರ ಗೊತ್ತಿರಬೇಕು. ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಒಂದೇ ಧೈರ್ಯದಿಂದ ಬರೆದರೆ ಒಳ್ಳೆಯ ಓದುಗರಿಗೆ ಅನುಮಾನ ಬರುತ್ತೆ.

ಓದು ಹಳಿ ತಪ್ಪಿದ್ದನ್ನು ಕಂಡುಹಿಡಿಯಲು ನನಗೆ ಗೊತ್ತಿರುವ ಒಂದು ಉಪಾಯ ಇದೆ. ಬರೆದ ಪ್ಯಾರಾದಲ್ಲಿ ಪದ್ಯದ ಹೆಸರು ಅಳಿಸಿ ಬೇರೆ ಪದ್ಯದ ಹೆಸರು ಹಾಕಿ ನೋಡಿ. 'ಇಲ್ಲಿ ಅರ್ಥ ಸದಾ ಜಾರುತ್ತದೆ, ಪಠ್ಯ ತನ್ನನ್ನೇ ತಾನು ಅಳಿಸಿಕೊಳ್ಳುತ್ತದೆ' ಅನ್ನುವ ವಾಕ್ಯ ಯಾವ ಪದ್ಯಕ್ಕಾದರೂ ಒಗ್ಗುತ್ತದೆ, ಹಾಗಾಗಿ ಯಾವ ಪದ್ಯದ ಬಗ್ಗೆಯೂ ಏನೂ ಹೇಳುವುದಿಲ್ಲ. 'ನಡೆಯುವ ಕಾಲನ್ನು ಕಂಬ ಮಾಡಿ ಆಮೇಲೆ ಜಂಗಮವನ್ನು ಹೊಗಳಿದೆ' ಅನ್ನುವ ವಾಕ್ಯ ಈ ವಚನಕ್ಕೆ ಮಾತ್ರ ಒಗ್ಗುತ್ತದೆ.

ನೀವೇ ಒಂದನ್ನು ಓದಿ ನೋಡುವುದಾದರೆ ದಯವಿಟ್ಟು ಅಲ್ಲಮನ ಬೆಡಗಿನ ವಚನದಿಂದ ಶುರು ಮಾಡಬೇಡಿ. ವಿರೋಧಗಳು ರಾಶಿ ಬಿದ್ದಿವೆ, ಸುಲಭವಾಗಿ ಸಿಗುತ್ತವೆ ಅನ್ನಿಸುತ್ತೆ, ತುಂಬಾ ವಿದ್ಯಾರ್ಥಿಗಳು ಅಲ್ಲಿಗೇ ಓಡುತ್ತಾರೆ. ಆದರೆ ಬೆಡಗಿನಲ್ಲಿ ವಿರೋಧ ಬೇಕಂತಲೇ ಇಟ್ಟದ್ದು, ಅದನ್ನು ಬಿಡಿಸುವ ಟೀಕೆಗಳ ಪರಂಪರೆಯೇ ಇದೆ. ಬಸವಣ್ಣನವರದ್ದೇ 'ಮಾಡುವಂತಿರಬೇಕು, ಮಾಡದಂತಿರಬೇಕು' ಅನ್ನುವುದೂ ಹಾಗೆ, ವಿರೋಧವನ್ನು ತಾನೇ ಎತ್ತಿ ತೋರಿಸುತ್ತದೆ. ತೋರಿಸಿಯಾದದ್ದನ್ನು ನೀವು ಮತ್ತೆ ಕಂಡುಹಿಡಿಯುವುದೇನಿದೆ? ಅದಕ್ಕಿಂತ ನೇರವಾಗಿ, ಅನುಮಾನವೇ ಇಲ್ಲದೆ ಮಾತಾಡುವ ಪದ್ಯವೊಂದನ್ನು ತೆಗೆದುಕೊಳ್ಳಿ. ಇದು ಒಳ್ಳೆಯದು ಅದು ಕೆಟ್ಟದ್ದು ಅಂತ ಗಟ್ಟಿಯಾಗಿ ಹೇಳುವಂಥದ್ದು. ಪಾಠಪುಸ್ತಕದಲ್ಲಿ ಇಂಥವು ಬೇಕಾದಷ್ಟಿವೆ. ಅದು ಯಾವುದನ್ನು ಬೇಡ ಅನ್ನುತ್ತದೋ ಅದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಆ ಪದ್ಯದ ಹೋಲಿಕೆಗಳನ್ನು ಒಂದೊಂದಾಗಿ ನೋಡುತ್ತಾ ಅವನ್ನು ಎಲ್ಲಿಂದ ಎರವಲು ತಂದಿದೆ ಅಂತ ಪಕ್ಕದಲ್ಲಿ ಗುರುತು ಹಾಕುತ್ತಾ ಹೋಗಿ.